ಕುಣಿಯಲಾರದವನ ಸೈಕಲ್ಲು

ಮೇ 6, ಸೋಮವಾರ

ಇವತ್ತು ಬಿದ್ದದ್ದು ಏಳು ಸಲ. ನಾಲ್ಕು ಎಡಕ್ಕೆ, ಎರಡು ಬಲಕ್ಕೆ, ಒಂದು ಯಾವ ಕಡೆಗೆಂದು ಹೇಳಲು ಬಾರದ ಹಾಗೆ. ಹತ್ತಿ ಮುಗಿದಿದೆ, ನಾಳೆ ತರಬೇಕು. ಮೊಣಕೈಗೆ ಟಿಂಚರ್ ಹಚ್ಚುವಾಗ ಬುಗುರಿ ಕೂಗಲಿಲ್ಲ. ನಾನೇ ‘ಸ್ಸ್’ ಎಂದೆ.

“ನಿಂಗ್ಯಾಕೆ ಉರಿಯುತ್ತೆ ಚಿಕ್ಕಮ್ಮ?” ಎಂದು ಕೇಳಿದ.

ಬುಗುರಿ ಅಕ್ಕನ ಮಗ. ಹನ್ನೊಂದು ವರ್ಷ. ತೊಟ್ಟಿಲಲ್ಲೂ ಒಂದು ಕ್ಷಣ ಸುಮ್ಮನೆ ಇರುತ್ತಿರಲಿಲ್ಲವಂತೆ, ಅದಕ್ಕೇ ಆ ಹೆಸರು. ಈಗ ಬೀದಿಯ ಹುಡುಗರಿಗೆಲ್ಲ ಅದೇ ತಮಾಷೆ — “ಬುಗುರಿ ಅಂತ ಹೆಸರಿಟ್ಕೊಂಡು ನಿಲ್ಲೋಕೇ ಬರಲ್ವಲ್ಲೋ!”

ನಗುವ ವಿಷಯವಲ್ಲ. ಜೂನ್ ಮೂರಕ್ಕೆ ಹೊಸ ಶಾಲೆ. ಮನೆಯಿಂದ ಐದು ಕಿಲೋಮೀಟರ್. ಶಾಲೆಯ ವ್ಯಾನ್ ಈ ಕಡೆ ಬರುವುದಿಲ್ಲ. ಅಕ್ಕ ನರ್ಸ್, ಬೆಳಿಗ್ಗೆ ಆರಕ್ಕೆ ಡ್ಯೂಟಿಗೆ ಹೊರಡಬೇಕು. ಭಾವ ಲಾರಿ ಓಡಿಸುತ್ತಾರೆ, ಹತ್ತು ದಿನಕ್ಕೊಮ್ಮೆ ಮನೆ. ನಾನು ರಜೆಗೆ ಬಂದವಳು, ಎಷ್ಟು ದಿನ ಇರುತ್ತೇನೋ. ಸೈಕಲ್ ಕಲಿತರೆ ಬುಗುರಿ ಮನೆಯಿಂದಲೇ ಹೋಗಬಹುದು. ಕಲಿಯದಿದ್ದರೆ ಶಾಲೆಯ ಹಿಂದಿನ ಬೀದಿಯಲ್ಲಿರುವ ಅವನ ದೊಡ್ಡಪ್ಪನ ಮನೆಯಲ್ಲಿ ಇರಬೇಕು, ಸೋಮವಾರದಿಂದ ಶನಿವಾರದವರೆಗೆ. ದೊಡ್ಡಪ್ಪ ಒಳ್ಳೆಯವರೇ. ಆದರೆ ಆ ಮನೆಯಲ್ಲಿ ಚಮಚ ಕೂಡ ಅನುಮತಿ ಕೇಳಿಕೊಂಡೇ ತಟ್ಟೆಗೆ ತಾಗುತ್ತದೆ.

“ನಾನು ಅಲ್ಲಿ ಸತ್ತೇ ಹೋಗ್ತೀನಿ” ಎಂದ ಬುಗುರಿ.

“ಅಲ್ಲಿ ಸಾಯೋಕೂ ಟೈಮ್ ಟೇಬಲ್ ಇರುತ್ತೆ ಕಣೋ” ಎಂದೆ. ನಕ್ಕ. ಆ ನಗುವೊಂದು ಇವತ್ತಿನ ಲಾಭ.

ಸೈಕಲ್ಲನ್ನು ಭಾವ ಎಲ್ಲಿಂದಲೋ ಲಾರಿಯಲ್ಲಿ ಹಾಕಿಕೊಂಡು ಬಂದರು. ಹಳೆಯದು, ಹೊಸದಾಗಿ ನೀಲಿ ಪೇಂಟ್ ಹೊಡೆದದ್ದು. ಇಳಿಸಿ, ಗಾಳಿ ತುಂಬಿಸಿ, ಮಗನ ತಲೆ ಸವರಿ ಮತ್ತೆ ಲಾರಿ ಹತ್ತಿದರು. ಕಲಿಸುವ ಕೆಲಸ ನನ್ನ ಪಾಲಿಗೆ. ನನಗೇ ಸೈಕಲ್ ಬರುವುದಿಲ್ಲ! ಆದರೂ ಗುರು.

ಮೇ 7, ಮಂಗಳವಾರ

ಬೆಳಿಗ್ಗೆ ಆರೂವರೆಯಿಂದ ಎಂಟು. ಮನೆಯ ಹಿಂದೆ ಮುಚ್ಚಿಹೋದ ಕಾರ್ಖಾನೆಯ ಅಂಗಳ — ಸಿಮೆಂಟ್ ನೆಲ, ಒಂದು ತುದಿ ಸ್ವಲ್ಪ ಇಳಿಜಾರು. ನಾನು ಹಿಂದಿನ ಕ್ಯಾರಿಯರ್ ಹಿಡಿದು ಓಡುತ್ತೇನೆ. ಅವನು ತುಳಿಯುತ್ತಾನೆ. ಇಪ್ಪತ್ತು ಹೆಜ್ಜೆಗೆ ನನ್ನ ಉಸಿರು ಮುಗಿಯುತ್ತದೆ. ಕೈ ಬಿಡುತ್ತೇನೆ. ಎರಡು ಗಜ ಹೋಗುತ್ತಾನೆ, ಒಂದು ಕಡೆ ವಾಲುತ್ತಾನೆ, ಮುಗಿಯಿತು.

ಬಿದ್ದಾಗಲೆಲ್ಲ ಕಾಂಪೌಂಡ್ ಗೋಡೆಯ ಮೇಲೆ ಸೀಮೆಸುಣ್ಣದ ಒಂದು ಗೀಟು ಎಳೆಯುತ್ತಾನೆ. ಐದಾದರೆ ಅಡ್ಡಗೀಟು. ಅವನೇ ಮಾಡಿಕೊಂಡ ಕ್ರಮ. ಇವತ್ತಿಗೆ ಮೂವತ್ತೊಂದು.

ಆರನೇ ಸಲ ಬಿದ್ದು ಎದ್ದವನು ಹ್ಯಾಂಡಲ್ ಕಡೆ ನೋಡುತ್ತಾ ಹೇಳಿದ:

“ಚಿಕ್ಕಮ್ಮ, ಇದು ಮಧ್ಯದಲ್ಲಿ ಹಿಡ್ಕೊಳ್ಳುತ್ತೆ.”

“ಏನು ಹಿಡ್ಕೊಳ್ಳುತ್ತೆ?”

“ಹ್ಯಾಂಡಲ್ಲು. ನಾನು ಸ್ವಲ್ಪ ತಿರುಗಿಸ್ಬೇಕು ಅಂದ್ರೆ ತಿರುಗಲ್ಲ. ಆಮೇಲೆ ಒಂದೇ ಸಲ ಜಾಸ್ತಿ ತಿರುಗಿಬಿಡುತ್ತೆ.”

ನನಗೆ ಸುಸ್ತು. ಬಾಯಿಗೆ ಬಂದದ್ದು ಗಾದೆ. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ.

ಅವನಿಗೆ ಗಾದೆ ಗೊತ್ತಿರಲಿಲ್ಲ. ಅರ್ಥ ಕೇಳಿದ. ಹೇಳಿದೆ — ತನಗೆ ಬಾರದ್ದಕ್ಕೆ ಬೇರೆಯದರ ಮೇಲೆ ತಪ್ಪು ಹೊರಿಸುವುದು. “ಹೌದಾ” ಎಂದ. ಮತ್ತೆ ಹತ್ತಿದ. ಹ್ಯಾಂಡಲ್ ಸುದ್ದಿ ಎತ್ತಲಿಲ್ಲ.

ಒಳ್ಳೆಯ ಹುಡುಗ. ಹೇಳಿದ್ದು ತಕ್ಷಣ ಅರ್ಥವಾಗುತ್ತದೆ.

ಮೇ 9, ಗುರುವಾರ

ನಗಬೇಕೋ ಅಳಬೇಕೋ.

ಇವತ್ತು ನಾನು ಕೈ ತೆಗೆದ ಮೇಲೂ ನಾಲ್ಕೈದು ಗಜ ಹೋದ. ಅದೇ ಮೊದಲ ಸಲ! ಖುಷಿಗೆ ನಾನು ಕೂಗಿಕೊಂಡೆ — “ಬಿಡು, ಬಿಡು, ಹಾಗೇ ಬಿಡು!” ಸೈಕಲ್ ಬಿಡು ಎಂದರೆ ಓಡಿಸು ಎಂದಲ್ಲವೆ? ಎಲ್ಲರೂ ಹಾಗೇ ಅನ್ನುವುದು. ಅವನು ಬಿಟ್ಟ. ಎರಡೂ ಕೈ. ಗಾಳಿಯಲ್ಲಿ ಒಂದು ಗಳಿಗೆ ಕೈ ಎತ್ತಿಕೊಂಡು ಕೂತಿದ್ದ, ಯಾರಿಗೋ ಶರಣಾದವನ ಹಾಗೆ. ಆಮೇಲೆ ಧಡ್.

“ನೀನೇ ಅಲ್ವಾ ಬಿಡು ಅಂದಿದ್ದು?” ನೆಲದಿಂದಲೇ ಕೇಳಿದ.

“ಅದು... ಓಡ್ಸು ಅಂತ.”

“ಓಡ್ಸು ಅನ್ನೋಕೇನು? ಅಷ್ಟೊಂದು ಓದಿದೀಯ!”

ನ್ಯಾಯವಾದ ಮಾತು. ಅಂಗಿಯ ಒಂದು ಗುಂಡಿ ಹೋಯಿತು, ಅಷ್ಟೆ. ಅಷ್ಟಕ್ಕೇ ಮುಗಿದದ್ದಕ್ಕೆ ಯಾರಿಗೆ ಕೈಮುಗಿಯಲಿ ಎಂದು ತಿಳಿಯದೆ ಆ ಗುಂಡಿಯನ್ನೇ ಹುಡುಕಿ ಹೊಲಿದುಕೊಟ್ಟೆ.

ಮೇ 10, ಶುಕ್ರವಾರ

ಸಂಜೆ ದೊಡ್ಡಪ್ಪನ ಫೋನ್. ಮಂಚ ತಯಾರಿದೆ, ಮೇಜು ತಯಾರಿದೆ, ಗೋಡೆಗೆ ವೇಳಾಪಟ್ಟಿ ಅಂಟಿಸಿದ್ದಾರಂತೆ. ಅಕ್ಕ “ನೋಡೋಣ ಭಾವ, ಇನ್ನೂ ಟೈಮಿದೆ” ಎಂದಳು. ಫೋನ್ ಇಟ್ಟು ನನ್ನ ಕಡೆ ನೋಡಿದಳು.

“ಬರುತ್ತಾ ಕಣೇ ಅವನಿಗೆ?”

“ಬರುತ್ತೆ ಅಕ್ಕ.”

“ದಿನಾ ಗಾಯ ಜಾಸ್ತಿ ಆಗ್ತಿದೆ, ಬರೋದು ಕಾಣ್ತಿಲ್ಲ. ಕೆಲವರಿಗೆ ಬ್ಯಾಲೆನ್ಸೇ ಇರಲ್ಲ ಕಣೇ. ಅವನ ತಪ್ಪಲ್ಲ.”

ಬುಗುರಿ ಬಾಗಿಲ ಹಿಂದೆ ಇದ್ದ. ಅವನ ನೆರಳು ನನಗೆ ಕಾಣುತ್ತಿತ್ತು. ಅಕ್ಕನಿಗೆ ಕಾಣುತ್ತಿರಲಿಲ್ಲ.

ಮೇ 15, ಬುಧವಾರ

ನಾಲ್ಕು ದಿನ ಬರೆಯಲಾಗಲಿಲ್ಲ.

ಶನಿವಾರ ಇಳಿಜಾರಿನ ಕಡೆ ಹೋದೆವು. ತುಳಿಯುವ ಕಷ್ಟ ಇರುವುದಿಲ್ಲ ಎಂದು ನನ್ನದೇ ಸಲಹೆ. ವೇಗ ಬಂತು. ಎಡಕ್ಕೆ ವಾಲಿತು. ಹ್ಯಾಂಡಲ್ ನೆಟ್ಟಗೇ ಇತ್ತು. ಅವನು ಹೆದರಿ ಅದನ್ನು ಬಲಕ್ಕೆ ಎಳೆದ. ಸೈಕಲ್ ಅವನನ್ನು ಎಡಕ್ಕೆ ಎಸೆಯಿತು. ಗಲ್ಲ ಸಿಮೆಂಟಿಗೆ ಬಡಿಯಿತು. ಎರಡು ಹೊಲಿಗೆ.

ಅಕ್ಕನ ಆಸ್ಪತ್ರೆಯಲ್ಲೇ ಹಾಕಿಸಿದ್ದು. ಅಕ್ಕ ನನಗೆ ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮನೆಗೆ ಬಂದು, “ನೀನೂ ಬಿದ್ಯೇನೇ? ಮುಖ ಯಾಕೆ ಹಾಗಿದೆ?” ಎಂದು ನನಗೂ ಟೀ ಕೊಟ್ಟಳು. ಅಂಥ ಅಕ್ಕ ಇರುವುದು ನನ್ನ ಪುಣ್ಯ.

ಇವತ್ತು ಬುಗುರಿ ತನ್ನ ಬಟ್ಟೆಗಳನ್ನು ತಾನೇ ಮಡಿಸಿ ಚೀಲಕ್ಕೆ ಹಾಕುತ್ತಿದ್ದ. ಶಾಲೆಗೆ ಇನ್ನೂ ಹತ್ತೊಂಬತ್ತು ದಿನ.

“ಏನೋ ಇದು?”

“ದೊಡ್ಡಪ್ಪನ ಮನೆಗೆ ಹೋಗ್ತೀನಿ. ನಂಗೆ ಬ್ಯಾಲೆನ್ಸ್ ಇಲ್ಲ.” ಹೊಲಿಗೆ ಎಳೆಯದಂತೆ ಅರ್ಧ ಬಾಯಲ್ಲಿ ಮಾತು. “ಸುಮ್ನೆ ನೆಲದ ಮೇಲೆ ತಪ್ಪು ಹೊರಿಸಿದ್ರೆ ಏನು ಬಂತು?”

ಸೈಕಲ್ ವರಾಂಡದ ಮೂಲೆಯಲ್ಲಿದೆ. ಮೇಲೆ ಹಳೆಯ ಬೆಡ್‌ಶೀಟ್ ಹೊದಿಸಿದ್ದಾನೆ.

ಮೇ 18, ಶನಿವಾರ, ಸಂಜೆ

ಕ್ರಮವಾಗಿ ಬರೆಯಬೇಕು.

ಪಕ್ಕದ ಮನೆಯ ಹುಡುಗಿ ಬಂದಿದ್ದಳು. ಹನ್ನೆರಡು ವರ್ಷ. ನಾಲಿಗೆಯ ಕಾರಣಕ್ಕೆ ಬೀದಿಯಲ್ಲಿ ಅವಳ ಹೆಸರು ಮೆಣಸಿನಕಾಯಿ. ಬುಗುರಿ ಸೇರಬೇಕಾದ ಶಾಲೆಗೇ ಕಳೆದ ವರ್ಷದಿಂದ ಸೈಕಲ್ಲಿನಲ್ಲೇ ಹೋಗುತ್ತಾಳೆ. ಎರಡೂ ಕೈ ಬಿಟ್ಟು, ಜಡೆ ಕಟ್ಟಿಕೊಳ್ಳುತ್ತಾ ಹೋಗುವುದನ್ನು ನಾನೇ ನೋಡಿದ್ದೇನೆ.

“ಕೊಡಿಲ್ಲಿ ಅಕ್ಕಾ, ಇವನಿಗೆ ತೋರಿಸ್ತೀನಿ” ಎಂದು ಬೆಡ್‌ಶೀಟ್ ಎಳೆದಳು. ಬುಗುರಿ ಬೇಡ ಅನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಅಂಗಳಕ್ಕೆ ಹೋದೆವು.

ಒಂದು ಸುತ್ತು ಹೊಡೆದಳು. ಸರಿಯಾಗಿಯೇ ಹೋದಳು, ಆದರೆ ಮುಖ ಗಂಟು. “ಏನಿದು, ಹಠಮಾರಿ ಎತ್ತಿನ ಥರ ಇದೆ!” ಎಂದಳು. ಎರಡನೇ ಸುತ್ತಿಗೆ ಹ್ಯಾಂಡಲ್ ಮೇಲಿಂದ ಎರಡೂ ಕೈ ತೆಗೆದಳು.

ಮೂರು ಗಜ. ವಾಲಿತು. ಬಿದ್ದಳು!

ಮೆಣಸಿನಕಾಯಿ. ಬಿದ್ದಳು.

ಬುಗುರಿ ಬಾಯಿ ತೆರೆದು ನಿಂತಿದ್ದ. ಅವಳು ಎದ್ದು ಲಂಗ ಕೊಡವಿ, “ನಾನು ಬಿದ್ದಿಲ್ಲ, ಇಳಿದೆ. ಈ ಸೈಕಲ್ಲೇ ಸರಿ ಇಲ್ಲ!” ಎಂದಳು.

ನನ್ನ ಬಾಯಿಗೆ ಗಾದೆ ಬಂತು. ತುಟಿಯವರೆಗೆ ಬಂದು ನಿಂತಿತು.

ಇವಳು ಕುಣಿಯಲಾರದವಳಲ್ಲವಲ್ಲ. ಚೆನ್ನಾಗಿ ಕುಣಿಯುವವಳೂ ಇದೇ ನೆಲದಲ್ಲಿ ಬಿದ್ದಳು ಎಂದರೆ...

ಮನೆಗೆ ಬಂದು ಈ ಡೈರಿಯ ಹಿಂದಿನ ಪುಟ ತೆಗೆದೆ. ಮೇ 7. “ಇದು ಮಧ್ಯದಲ್ಲಿ ಹಿಡ್ಕೊಳ್ಳುತ್ತೆ.” ನನ್ನದೇ ಅಕ್ಷರ. ಹನ್ನೊಂದು ದಿನದ ಹಿಂದೆಯೇ ಹೇಳಿದ್ದ, ಇದಕ್ಕಿಂತ ಸ್ಪಷ್ಟವಾಗಿ ಯಾರು ಹೇಳಬಲ್ಲರು? ನಾನು ಒಂದು ಗಾದೆಯಿಂದ ಅವನ ಬಾಯಿ ಮುಚ್ಚಿಸಿದೆ. ಕೆಳಗೆ ‘ಒಳ್ಳೆಯ ಹುಡುಗ’ ಎಂದು ಬೇರೆ ಬರೆದುಕೊಂಡಿದ್ದೇನೆ.

ಐದು ವರ್ಷ ಸಾಹಿತ್ಯ ಓದಿ ಕಲಿತದ್ದು ಇದೇನಾ?

ಮೇ 19, ಭಾನುವಾರ

ಕ್ಷಮೆ ಕೇಳಿದೆ. ನನಗೆ ಸುಲಭವಾಗಿ ಮಾತು ಬರುವುದಿಲ್ಲ, ಅದರಲ್ಲೂ ಇಂಥ ಮಾತು. ಆ ಪುಟವನ್ನೇ ಅವನ ಮುಂದೆ ಹಿಡಿದೆ. ಓದಿದ. ಎರಡು ಸಲ ಓದಿದ.

“ಹಾಗಾದ್ರೆ ನೆಲ ಡೊಂಕೇ ಇತ್ತಾ?”

“ಇರಬಹುದು ಕಣೋ. ನಾಳೆ ರಿಪೇರಿ ಅಂಗಡಿಗೆ ಹೋಗಿ ಕೇಳೋಣ.”

“ಡೊಂಕಿಲ್ಲ ಅಂದ್ರೆ?”

“ಆಗ ಚೀಲ ಕಟ್ಟು.”

ಸ್ವಲ್ಪ ಹೊತ್ತಿಗೆ ಗೋಡೆಯ ಹತ್ತಿರ ಹೋಗಿ ಬಂದ. ನೋಡಿದರೆ ಅವನ ಗೀಟುಗಳಿಂದ ಸ್ವಲ್ಪ ದೂರದಲ್ಲಿ ಒಂದೇ ಒಂದು ಹೊಸ ಗೀಟು. ಕೆಳಗೆ ಮೆಣಸಿನಕಾಯಿಯ ಚಿತ್ರ.

ಮೇ 20, ಸೋಮವಾರ

ಬಸ್‌ಸ್ಟಾಪಿನ ಹಿಂದಿನ ಶೆಡ್. ಮಕ್ಕಳೆಲ್ಲ ಅವರನ್ನು ಗ್ರೀಸ್ ಮಾಮ ಎನ್ನುತ್ತಾರೆ. ಅರವತ್ತು ದಾಟಿರಬಹುದು. ಉಗುರಿನ ಸುತ್ತ ಕಪ್ಪು, ಕನ್ನಡಕದ ಒಂದು ಕಡ್ಡಿಗೆ ಸ್ಪೋಕ್ ತಂತಿ. ಸೈಕಲ್ ನೂಕಿಕೊಂಡು ಹೋಗಿ ನಿಂತೆ. ಬುಗುರಿಯೇ ಹೇಳಿದ — “ಮಾಮ, ಇದು ಮಧ್ಯದಲ್ಲಿ ಹಿಡ್ಕೊಳ್ಳುತ್ತೆ.”

ಅವರು ನಗಲಿಲ್ಲ. ಗಾದೆಯನ್ನೂ ಹೇಳಲಿಲ್ಲ. “ಎಲ್ಲಿ ನೋಡೋಣ” ಎಂದರು. ಆ ಎರಡು ಪದಕ್ಕೆ ನಾನು ಸಾಯುವವರೆಗೆ ಋಣಿ.

ಸೈಕಲ್ಲಿನ ಮೇಲಿನ ಕಂಬಿ ಹಿಡಿದು ಮುಂದಿನ ಚಕ್ರ ನೆಲ ಬಿಡುವಷ್ಟು ಎತ್ತಿದರು. ಮೆಲ್ಲಗೆ ಎಡಕ್ಕೆ ವಾಲಿಸಿದರು. ಹ್ಯಾಂಡಲ್ ಅಲುಗಲಿಲ್ಲ. ಬಲಕ್ಕೆ ವಾಲಿಸಿದರು. ಅಲುಗಲಿಲ್ಲ. ಪಕ್ಕದಲ್ಲಿದ್ದ ಇನ್ನೊಂದು ಸೈಕಲ್ ಎತ್ತಿ ಹಾಗೇ ಮಾಡಿದರು. ವಾಲಿಸಿದ ಕಡೆಗೆ ಹ್ಯಾಂಡಲ್ ತಾನಾಗಿಯೇ ತಿರುಗಿತು, ಕರೆದ ಕಡೆಗೆ ನೋಡುವ ಮಗುವಿನ ಹಾಗೆ.

“ಕಂಡ್ಯಾ ದೊರೆ? ಇದು ತಿರುಗ್ಬೇಕು. ನಿಂದು ತಿರುಗ್ತಿಲ್ಲ.”

“ತಿರುಗದಿದ್ರೆ ಏನಾಗುತ್ತೆ?”

ಅವರು ಪೊರಕೆ ತೆಗೆದು ಬುಗುರಿಯ ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದರು. “ಬೀಳಿಸ್ಬೇಡ ನೋಡೋಣ.” ಪೊರಕೆ ಎಡಕ್ಕೆ ವಾಲಿತು. ಬುಗುರಿ ಕೈಯನ್ನು ಎಡಕ್ಕೆ ಒಯ್ದ. ಬಲಕ್ಕೆ ವಾಲಿತು, ಕೈಯೂ ಬಲಕ್ಕೆ. ಶೆಡ್ಡಿನ ತುಂಬ ಓಡಾಡಿದ. ಪೊರಕೆ ನಿಂತೇ ಇತ್ತು.

“ಯಾವ ಕಡೆ ಕೈ ಒಯ್ದೆ?”

“ಬೀಳೋ ಕಡೆ.”

“ಹಾಂ! ಸೈಕಲ್ಲೂ ಅಷ್ಟೆ. ಎಡಕ್ಕೆ ಬೀಳೋ ಹಾಗಾದ್ರೆ ಮುಂದಿನ ಚಕ್ರ ಎಡಕ್ಕೇ ತಿರುಗ್ಬೇಕು. ಆಗ ಚಕ್ರ ಬಂದು ನಿನ್ನ ಕೆಳಗೆ ನಿಲ್ಲುತ್ತೆ. ಓಡೋ ಸೈಕಲ್ಲು ಅರ್ಧ ಕೆಲಸ ತಾನೇ ಮಾಡುತ್ತೆ. ಇದರ ಕತ್ತು ಹಿಡ್ಕೊಂಡಿದೆ, ಪಾಪ, ಎಲ್ಲಿ ಮಾಡುತ್ತೆ?”

“ಆದ್ರೆ ಒಬ್ಬ ಹುಡುಗಿ ಇದನ್ನೇ ಓಡಿಸಿದಳಲ್ಲ?” ಎಂದೆ.

“ಗೊತ್ತಿರೋರು ಕೈಯಿಂದ ಬಲವಂತ ಮಾಡಿ ತಿರುಗಿಸ್ತಾರಮ್ಮ. ಕೈ ಬಿಟ್ರೆ ಅವರೂ ಗೋತಾ. ಕಲಿಯೋ ಮಗುವಿಗೆ ಎಷ್ಟು ಬಲವಂತ ಮಾಡ್ಬೇಕು ಅಂತ ಹೇಗೆ ಗೊತ್ತಾಗ್ಬೇಕು?”

ಬಿಚ್ಚಿದರು. ಹ್ಯಾಂಡಲಿನ ನಡುವಿನ ಬೋಲ್ಟ್ ಸಡಿಲಿಸಿ, ಮೇಲೆ ಮರದ ತುಂಡಿಟ್ಟು ಸುತ್ತಿಗೆಯಿಂದ ಒಂದು ಏಟು. ಹ್ಯಾಂಡಲ್ ಮೇಲೆ ಬಂತು. ಅದರ ಕೆಳಗಿನ ದೊಡ್ಡ ನಟ್ಟು ತಿರುಗಿಸಿದರು. ಬುಗುರಿ ಕೆಳಗೆ ಹಳೆಯ ಡಬ್ಬದ ಮುಚ್ಚಳ ಹಿಡಿದಿದ್ದ — ಸಣ್ಣ ಉಕ್ಕಿನ ಗುಂಡುಗಳು ಟಣಟಣ ಎಂದು ಬಿದ್ದವು. ಇವನ್ನು ಬಾಲು ಎನ್ನುತ್ತಾರೆ. ಒಂದು ಉಂಗುರದಂಥ ಬಟ್ಟಲಿನಲ್ಲಿ ಇವು ಉರುಳಿದರೆ ಹ್ಯಾಂಡಲ್ ಹಗುರಾಗಿ ತಿರುಗುತ್ತದೆ. ಬಟ್ಟಲನ್ನು ಸೀಮೆಎಣ್ಣೆಯಲ್ಲಿ ತೊಳೆದು ಬುಗುರಿಯ ಕೈಗೆ ಕೊಟ್ಟರು.

“ಬೆರಳಾಡಿಸು.”

“ಗುಳಿ ಗುಳಿ ಇದೆ.”

“ಯಾವಾಗಲೋ ಮುಂದಿನ ಚಕ್ರ ಗೋಡೆಗೋ ಹೊಂಡಕ್ಕೋ ಜೋರಾಗಿ ಬಡಿದಿದೆ. ಬಾಲುಗಳು ಬಟ್ಟಲಿಗೆ ಒತ್ತಿ ಗುಳಿ ಮಾಡಿವೆ. ಹ್ಯಾಂಡಲ್ ನೆಟ್ಟಗಾದಾಗಲೆಲ್ಲ ಪ್ರತಿ ಬಾಲೂ ತನ್ನ ಗುಳಿಗೆ ಹೋಗಿ ಕೂತ್ಕೊಳ್ಳುತ್ತೆ. ಅದೇ ನಿನ್ನ ‘ಹಿಡ್ಕೊಳ್ಳುತ್ತೆ’. ಪೇಂಟ್ ಹೊಡೆದವನು ಹೊರಗಿನದ್ದು ಮುಚ್ಚಿದ. ಒಳಗಿನದ್ದು ಮುಚ್ಚೋಕಾಗುತ್ತಾ?”

ಹೊಸ ಬಟ್ಟಲು, ಹೊಸ ಬಾಲು, ಹಳದಿ ಗ್ರೀಸ್. ಬಾಲುಗಳನ್ನು ಗ್ರೀಸಿನಲ್ಲಿ ಒಂದೊಂದಾಗಿ ಕೂರಿಸುವ ಕೆಲಸ ಬುಗುರಿಗೇ ಕೊಟ್ಟರು. ನಟ್ಟನ್ನು ಬಿಗಿ ಮಾಡಿದರು, ಒಂದು ಎಳೆಯಷ್ಟು ಸಡಿಲಿಸಿದರು. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ, ಲೊಟಲೊಟ ಎನ್ನುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೊನೆಗೆ ಎತ್ತಿ ವಾಲಿಸಿದರು. ಹ್ಯಾಂಡಲ್ ಸರ್ರನೆ ತಿರುಗಿತು.

ಬುಗುರಿ ಅದನ್ನು ಹತ್ತು ಸಲ ವಾಲಿಸಿ ನೋಡಿದ. ಆಮೇಲೆ ಗಲ್ಲದ ಪಟ್ಟಿ ಮುಟ್ಟಿಕೊಂಡು, “ನಂಗೆ ಬ್ಯಾಲೆನ್ಸ್ ಇದೆಯಾ ಮಾಮ?” ಎಂದು ಕೇಳಿದ.

“ಪೊರಕೆ ಬೀಳಿಸ್ದ್ಯಾ?”

“ಇಲ್ಲ.”

“ಮತ್ತೆ!”

ಮೇ 22, ಬುಧವಾರ

ರಿಪೇರಿಯಾದರೆ ಹಾರಿಕೊಂಡು ಹೋಗುತ್ತಾನೆ ಎಂದುಕೊಂಡಿದ್ದೆ. ಎಲ್ಲಿ? ಹತ್ತಿದ ಕೂಡಲೇ ಕಾಲು ನೆಲಕ್ಕಿಡುತ್ತಾನೆ. ನೆಟ್ಟಗಾಗಿದ್ದು ಸೈಕಲ್ಲಿನ ಕತ್ತು. ಹೆದರಿಕೆ ಇರುವುದು ಇವನ ಹೊಟ್ಟೆಯಲ್ಲಿ. ಜೊತೆಗೆ ಹಳೆಯ ಅಭ್ಯಾಸ — ಎಡಕ್ಕೆ ವಾಲಿದರೆ ಬಲಕ್ಕೆ ಎಳೆಯುವುದು. ಎರಡು ಸಲ ಬಿದ್ದ. ಮತ್ತೆ ಶೆಡ್ಡಿಗೆ.

“ಪೆಡಲ್ ಬಿಚ್ಚಿಬಿಡಿ ಅಮ್ಮ” ಎಂದರು ಗ್ರೀಸ್ ಮಾಮ. “ಕ್ಯಾರಿಯರ್ ಹಿಡಿಯೋದೂ ಬಿಟ್ಬಿಡಿ. ನೀವು ಹಿಡಿದ್ರೆ ಸೈಕಲ್ ವಾಲೋದೇ ಇಲ್ಲ. ವಾಲದೆ ಅವನಿಗೆ ಕಲಿಯೋಕೆ ಏನಿದೆ?”

ಇಷ್ಟು ದಿನ ನಾನು ಓಡಿದ್ದು ಅವನು ಕಲಿಯದ ಹಾಗೆ ನೋಡಿಕೊಳ್ಳುವುದಕ್ಕಾಗಿ!

ಸ್ಪ್ಯಾನರ್ ಕೊಟ್ಟರು. ಬಲ ಪೆಡಲ್ ಬಂತು. ಎಡದ್ದು ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ. ಜೋತುಬಿದ್ದೆ. ಮಾಮ ನೋಡುತ್ತಲೇ ಇದ್ದರು. ಆಮೇಲೆ, “ಎಡದ್ದು ಉಲ್ಟಾ ಅಮ್ಮ. ಎಲ್ಲಾ ನಟ್ಟು ಬಿಗಿಯಾಗೋ ಕಡೆಗೆ ಅದು ಬಿಚ್ಚುತ್ತೆ” ಎಂದರು. “ಇಲ್ಲದಿದ್ರೆ ತುಳೀತಾ ತುಳೀತಾ ತಾನೇ ಕಳಚಿ ಬೀಳುತ್ತೆ.” ಮೊದಲೇ ಹೇಳಬಹುದಿತ್ತು. ಅವರ ಮೀಸೆ ಅಲುಗುತ್ತಿತ್ತು.

ಸೀಟು ಇಳಿಸಿದರು, ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಗುವಷ್ಟು. ಬೀಳಬೇಕೆಂದರೂ ಬೀಳಲಾಗದ ಸೈಕಲ್ಲು.

ಮೇ 24, ಶುಕ್ರವಾರ

ಕಾಲಿನಿಂದ ನೆಲ ನೂಕುತ್ತಾ ಹೋಗುತ್ತಾನೆ. ಮೊದಲು ಸಣ್ಣ ಹೆಜ್ಜೆ, ನಿನ್ನೆ ದೊಡ್ಡ ಹೆಜ್ಜೆ. ಇವತ್ತು ಇಳಿಜಾರಿನ ತುದಿಯಲ್ಲಿ ಎರಡೂ ಕಾಲು ಎತ್ತಿ ಎಣಿಸಿದ — ಒಂದು, ಎರಡು, ಮೂರು... ಹನ್ನೊಂದು! ಹನ್ನೊಂದಕ್ಕೆ ಕಾಲು ಇಟ್ಟ.

ಮೆಣಸಿನಕಾಯಿ ಗೋಡೆ ಮೇಲೆ ಕೂತು ಅಪ್ಪಣೆ ಕೊಡುತ್ತಿದ್ದಳು. “ಚಕ್ರ ನೋಡ್ಬೇಡ! ಚಕ್ರ ಎಲ್ಲೂ ಓಡಿಹೋಗಲ್ಲ. ಆ ತುದಿ ಗೇಟ್ ನೋಡು! ಕಲ್ಲು ನೋಡಿದ್ರೆ ಕಲ್ಲಿಗೇ ಹೋಗ್ತೀಯ!” ನಿಜ. ಕಲ್ಲು ನೋಡಿದ, ಕಲ್ಲಿಗೇ ಹೋದ.

ಸಂಜೆ ಅವಳಿಗೆ ಹೇಳಿದ, ಬಹಳ ಗಂಭೀರವಾಗಿ: “ನೀನು ಬಿದ್ದಿದ್ದಕ್ಕೆ ಥ್ಯಾಂಕ್ಸ್.”

“ಹೋಗೋ! ನಾನು ಬಿದ್ದಿಲ್ಲ, ಇಳಿದೆ ಅಂತ ಹೇಳಿಲ್ವಾ?”

ಆದರೆ ಮುಖ ಕೆಂಪಾಗಿತ್ತು. ಮನೆಗೆ ಹೋಗುವಾಗ ಅವನಿಗೆ ತನ್ನ ಬೆಲ್ ಬಿಚ್ಚಿ ಕೊಟ್ಟಳು. “ಸಾಲ ಅಲ್ಲ. ಇಟ್ಕೋ.”

ಮೇ 27, ಸೋಮವಾರ

ಪೆಡಲ್ ಹಾಕಿದೆವು. ಎಡದ್ದನ್ನು ಬುಗುರಿಯೇ ಹಾಕಿದ, ಉಲ್ಟಾ ತಿರುಗಿಸಿ, ನನ್ನ ಕಡೆ ಓರೆನೋಟ ಬೀರುತ್ತಾ.

ಹೊರಡುವುದೇ ಕಷ್ಟ. ಬಲ ಪೆಡಲನ್ನು ಮೇಲಿಂದ ಸ್ವಲ್ಪ ಮುಂದಕ್ಕೆ ಇಟ್ಟುಕೊಳ್ಳಬೇಕು. ಅದರ ಮೇಲೆ ಪಾದ. ಒಂದೇ ತುಳಿತಕ್ಕೆ ಸಾಕಷ್ಟು ವೇಗ ಬರಬೇಕು, ಎಡಗಾಲು ಅಷ್ಟರಲ್ಲಿ ತನ್ನ ಪೆಡಲ್ ಹುಡುಕಿಕೊಳ್ಳಬೇಕು. ಮೊದಲ ಸಲ ಹುಡುಕಲಿಲ್ಲ. ಎರಡನೇ ಸಲ ಮೀನಖಂಡಕ್ಕೆ ಬಡಿಯಿತು. ಮೂರನೇ ಸಲ —

ಹೋದ.

ಅಂಗಳದ ಉದ್ದಕ್ಕೂ ಹೋದ. ಎಡಕ್ಕೆ ವಾಲಿತು, ಹ್ಯಾಂಡಲ್ ಎಡಕ್ಕೆ ಹೋಯಿತು, ನೆಟ್ಟಗಾಯಿತು. ಬಲಕ್ಕೆ ವಾಲಿತು, ಬಲಕ್ಕೆ ಹೋಯಿತು, ನೆಟ್ಟಗಾಯಿತು. ಹಾವಿನ ಹಾಗೆ ಡೊಂಕುಡೊಂಕಾಗಿ. ನಾನು ಹಿಂದೆ ಓಡಲಿಲ್ಲ. ಕೂಗಲೂ ಇಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದೆ.

ತುದಿಯ ಗೇಟ್ ಬಂತು. “ಚಿಕ್ಕಮ್ಮಾ! ನಿಲ್ಲಿಸೋದು ಹೇಗೆ?”

ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ! ಗೇಟೇ ನಿಲ್ಲಿಸಿತು.

ಮೇ 30, ಗುರುವಾರ

ಮೂರು ದಿನ ಬರೀ ನಿಲ್ಲಿಸುವ ಪಾಠ. ತುಳಿಯುವುದನ್ನು ಮೊದಲು ನಿಲ್ಲಿಸು. ಎರಡೂ ಬ್ರೇಕ್ ಒಟ್ಟಿಗೆ, ಮೆಲ್ಲಗೆ. ಮುಂದಿನದ್ದೊಂದನ್ನೇ ಜೋರಾಗಿ ಹಿಡಿದರೆ ಹಿಂಭಾಗ ಎದ್ದು ಸವಾರನನ್ನೇ ಮುಂದೆ ಎಸೆಯುತ್ತದೆ. ಸೈಕಲ್ ನಿಂತ ಮೇಲಲ್ಲ, ನಿಲ್ಲುವ ಹೊತ್ತಿಗೆ ಕಾಲು ಕೆಳಗಿರಬೇಕು. ಇವನು ಐದರಲ್ಲಿ ಮೂರು ಸಲ ಮರೆಯುತ್ತಾನೆ. ಸೈಕಲ್ ನಿಲ್ಲುತ್ತದೆ, ಇವನು ಅದರ ಮೇಲೆ ಯೋಚಿಸುತ್ತಾ ಕೂತಿರುತ್ತಾನೆ, ಇಬ್ಬರೂ ಜೊತೆಯಾಗಿ ಮಲಗುತ್ತಾರೆ. ಗಾಯ ಆಗುವುದಿಲ್ಲ. ನಗು ಬರುತ್ತದೆ.

ಅಕ್ಕ ಷರತ್ತು ಹಾಕಿದ್ದಾಳೆ. “ಶನಿವಾರ ನನ್ನೆದುರಿಗೆ ಶಾಲೆಗೆ ಹೋಗಿ ಬರಲಿ. ಆಮೇಲೆ ದೊಡ್ಡಪ್ಪನಿಗೆ ಏನು ಹೇಳ್ಬೇಕೋ ಹೇಳ್ತೀನಿ.”

ಚೀಲ ಇನ್ನೂ ಕಟ್ಟಿದ ಹಾಗೇ ಇದೆ.

ಜೂನ್ 1, ಶನಿವಾರ

ಮುಂದೆ ಮೆಣಸಿನಕಾಯಿ. ನಡುವೆ ಬುಗುರಿ. ಹಿಂದೆ ಅಕ್ಕ, ತನ್ನ ಜೊತೆಯ ನರ್ಸಿನ ಸ್ಕೂಟರಿನಲ್ಲಿ. ನಾನು ಮನೆಯಲ್ಲಿ. ಹೋಗುವ ಧೈರ್ಯ ಇರಲಿಲ್ಲ. ಬೇಳೆ ಆರಿಸುತ್ತಾ ಕೂತೆ. ಆರಿಸಿದ್ದನ್ನೇ ಮತ್ತೆ ಆರಿಸಿದೆ.

ಒಂದೂಕಾಲು ಗಂಟೆ ಕಳೆದ ಮೇಲೆ ಬಂದರು. ಅಕ್ಕನ ಮುಖದಿಂದ ಏನೂ ತಿಳಿಯಲಿಲ್ಲ. ಚಪ್ಪಲಿ ಬಿಟ್ಟಳು, ನೀರು ಕುಡಿದಳು, ಆಮೇಲೆ ಹೇಳಿದಳು.

“ದೊಡ್ಡ ಸರ್ಕಲ್ಲಲ್ಲಿ ನನ್ನ ಎದೆ ಬಾಯಿಗೆ ಬಂತು ಕಣೇ. ಎದುರಿಗೆ ಬಸ್ಸು. ಇವನು ಏನು ಮಾಡಿದ ಗೊತ್ತಾ? ಮೊದಲೇ ಇಳಿದ. ಇಳಿದು, ನೂಕ್ಕೊಂಡು, ಎರಡೂ ಕಡೆ ನೋಡ್ಕೊಂಡು ದಾಟಿದ. ಹಿಂದಿನಿಂದ ಯಾರೋ ನಕ್ಕರು. ತಿರುಗಿ ನೋಡಲಿಲ್ಲ. ದಾಟಿ ಮತ್ತೆ ಹತ್ತಿದ.”

“ಬೀಳಲಿಲ್ವಾ?”

“ಬಿದ್ದ. ಶಾಲೆ ಗೇಟಲ್ಲಿ ನಿಲ್ಲಿಸೋವಾಗ. ವಾಚ್‌ಮನ್ ಎತ್ತಿದ.” ಅಕ್ಕ ನಗುತ್ತಿದ್ದಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು. “ಓಡಿಸೋಕೆ ಬರುತ್ತೆ ಅಂತ ಕಳಿಸ್ತಿಲ್ಲ. ಇಳಿಯೋಕೆ ಬರುತ್ತೆ ಅಂತ ಕಳಿಸ್ತಿದೀನಿ.”

ದೊಡ್ಡಪ್ಪನಿಗೆ ಫೋನ್ ಮಾಡಿದಳು. ಅವರು “ಮಳೆ ಬಂದ ದಿನ ಇಲ್ಲೇ ಉಳಿಯಲಿ. ಮಂಚ ಇರುತ್ತೆ” ಎಂದರಂತೆ. ಅವರ ಬಗ್ಗೆ ನಾನು ಚಮಚದ ಮಾತು ಬರೆದದ್ದು ತಪ್ಪಾಯಿತು.

ಬುಗುರಿ ಒಳಗೆ ಹೋಗಿ ಚೀಲ ಬಿಚ್ಚಿದ. ಬಟ್ಟೆಗಳನ್ನು ಮಡಿಸಿಡಲಿಲ್ಲ. ಹಾಗೇ ಬೀರುವಿಗೆ ತುರುಕಿದ. ನಾನು ನೋಡಿಯೂ ನೋಡದ ಹಾಗಿದ್ದೆ.

ಜೂನ್ 3, ಸೋಮವಾರ, ಬೆಳಿಗ್ಗೆ 7.50

ಹೊರಟ. ಬೆನ್ನಿಗೆ ಚೀಲ. ಚೀಲದ ಭಾರಕ್ಕೆ ಸೈಕಲ್ ಮೊದಲು ಒಂದಿಷ್ಟು ಹೊಯ್ದಾಡಿತು, ಆಮೇಲೆ ಸರಿಹೋಯಿತು. ತಿರುವಿನವರೆಗೆ ನೋಡುತ್ತಾ ನಿಂತಿದ್ದೆ. ಹಿಂತಿರುಗಿ ನೋಡಲಿಲ್ಲ. ನೋಡಿದರೆ ಹ್ಯಾಂಡಲ್ಲೂ ತಿರುಗುತ್ತದೆ. ಕೈ ಬೀಸಲಿಲ್ಲ. ಒಂದು ಕೈ ತೆಗೆಯುವ ಪಾಠ ಇನ್ನೂ ಆಗಿಲ್ಲ. ಬೆಲ್ ಮಾತ್ರ ಹೊಡೆದ. ಎರಡು ಸಲ.

ಸಂಜೆ 4.30

ಶಾಲೆ ನಾಲ್ಕಕ್ಕೆ ಬಿಡುತ್ತದೆ. ಅರ್ಧ ಗಂಟೆಯ ದಾರಿ.

4.45

ಮೆಣಸಿನಕಾಯಿ ಬಂದಳು. ಒಬ್ಬಳೇ. “ಅವನಿನ್ನೂ ಬಂದಿಲ್ವಾ ಅಕ್ಕಾ? ನನಗಿಂತ ಮುಂಚೆ ಹೊರಟನಲ್ಲ! ಅವನು ಸರ್ಕಲ್ ದಾರೀಲಿ, ನಾನು ಗಲ್ಲಿಯಿಂದ ಬಂದೆ.” ಅವಳ ನಾಲಿಗೆಯಲ್ಲಿ ಖಾರವೇ ಇರಲಿಲ್ಲ. ತಿರುಗಿ ನೋಡಿಬರಲು ಹೋದಳು.

ಅಕ್ಕನ ಡ್ಯೂಟಿ ಮುಗಿದಿಲ್ಲ. ಈಗಲೇ ಫೋನ್ ಮಾಡಲೇ? ಐದಕ್ಕೆ ಮಾಡುತ್ತೇನೆ.

5.00

ಬರೆಯುತ್ತಿದ್ದರೆ ಕೈ ಸುಮ್ಮನಿರುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಸರ್ಕಲ್ಲಿನಲ್ಲಿ ಇಳಿದಿರುತ್ತಾನೆ. ಇಳಿದೇ ಇರುತ್ತಾನೆ. ಎರಡೂ ಕಡೆ ನೋಡಿರುತ್ತಾನೆ. ಚಪ್ಪಲಿ ಎಲ್ಲಿಟ್ಟೆ... ಫೋನ್

ಗೇಟಿನ ಹತ್ತಿರ ಧಡ್ ಎಂದಿತು. ಸೈಕಲ್ ಮಲಗಿದ ಸದ್ದು. ತಿಂಗಳಿಂದ ಈ ಸದ್ದಿಗೆ ಬೆಚ್ಚುತ್ತಿದ್ದವಳು ನಾನು. ಇವತ್ತು ಅದಕ್ಕಿಂತ ಇಂಪಾದದ್ದು...

“ಚಿಕ್ಕಮ್ಮಾ! ಚೈನ್ ಕಳಚಿತ್ತು ಸರ್ಕಲ್ ಹತ್ರ! ನಾನೇ ಹಾಕ್ದೆ, ನಾನೊಬ್ನೇ! ಕೈ ನೋಡು ಬಾ, ಗ್ರೀಸ್ ಮಾಮನ ಥರಾನೇ ಆಗಿದೆ! ಬೇಗ ಬಾ, ನಂಗೆ ಎದ್ದೇಳೋಕಾಗ್ತಿಲ್ಲ, ಚೀಲ ಭಾರ —”

ನಗುತ್ತಿದ್ದಾನೆ. ಬಂದೆ ಕಣೋ, ಬಂ